ಮೊದಲ ವ್ಯತ್ಯಾಸದಲ್ಲೇ ತೀರ್ಪು: ಬಿಟ್ ಬಿಟ್ಟಾಗಿ ಬರುವ ಸಂಖ್ಯೆಗಳ ಹೋಲಿಕೆ

ಎರಡು ಸಂಖ್ಯೆಗಳಲ್ಲಿ ಯಾವುದು ದೊಡ್ಡದು ಎಂದು ಹೇಳುವ ಸರ್ಕ್ಯೂಟನ್ನು ಎರಡು ರೀತಿಯಲ್ಲಿ ಕಟ್ಟಬಹುದು. ಎರಡೂ ಸಂಖ್ಯೆಗಳ ಎಲ್ಲ ಬಿಟ್‌ಗಳನ್ನು ಬೇರೆ ಬೇರೆ ತಂತಿಗಳಲ್ಲಿ ಒಂದೇ ಹೊತ್ತಿಗೆ ಕೊಟ್ಟು, ಗೇಟ್‌ಗಳ ಜಾಲದಿಂದ ಉತ್ತರ ಪಡೆಯುವುದು ಒಂದು ರೀತಿ. 7485 ಎಂಬ ಹಳೆಯ ಚಿಪ್ ನಾಲ್ಕು ಬಿಟ್‌ಗಳ ಎರಡು ಸಂಖ್ಯೆಗಳನ್ನು ಹೀಗೆಯೇ ಹೋಲಿಸುತ್ತದೆ. 32 ಬಿಟ್‌ಗಳ ಸಂಖ್ಯೆಗಳಾದರೆ ಅಂಥ ಎಂಟು ಚಿಪ್‌ಗಳನ್ನು ಸರಪಳಿಯಂತೆ ಜೋಡಿಸಬೇಕು, ಸಂಖ್ಯೆಗಳನ್ನು ತಂದುಕೊಡಲು 64 ತಂತಿಗಳು ಬೇಕು. ಇನ್ನೊಂದು ರೀತಿಯಲ್ಲಿ ಪ್ರತಿ ಸಂಖ್ಯೆಗೆ ಒಂದೇ ತಂತಿ ಇರುತ್ತದೆ. ಕ್ಲಾಕಿನ ಒಂದೊಂದು ಬಡಿತಕ್ಕೆ ಎರಡೂ ಸಂಖ್ಯೆಗಳಿಂದ ಒಂದೊಂದು ಬಿಟ್ ಬರುತ್ತದೆ. ಬಂದ ಬಿಟ್ ಮುಂದಿನ ಬಡಿತಕ್ಕೆ ಮಾಯವಾಗಿರುತ್ತದೆ, ಹಿಂದೆ ತಿರುಗಿ ನೋಡುವ ಅವಕಾಶವಿಲ್ಲ. ಹೀಗಿದ್ದೂ ಕೊನೆಯ ಬಿಟ್ ದಾಟಿದ ಮೇಲೆ ‘ದೊಡ್ಡದು’, ‘ಸಮ’, ‘ಚಿಕ್ಕದು’ ಎಂಬ ಮೂರರಲ್ಲಿ ಸರಿಯಾದ ಉತ್ತರವನ್ನು ಹೇಳಬೇಕು. ಈ ಕೆಲಸ ಮಾಡುವ ಸರ್ಕ್ಯೂಟಿಗೆ ಸೀರಿಯಲ್ ಕಂಪ್ಯಾರೇಟರ್ ಎನ್ನುತ್ತಾರೆ.

ಬಿಟ್‌ಗಳು ಯಾವ ತುದಿಯಿಂದ ಬರುತ್ತವೆ ಎಂಬುದರ ಮೇಲೆ ಇಡೀ ವಿನ್ಯಾಸ ನಿಂತಿದೆ. ಇಲ್ಲಿ ಹೇಳಹೊರಟಿರುವುದು ಅತಿ ಹೆಚ್ಚು ಸ್ಥಾನಬೆಲೆಯ ಬಿಟ್, ಅಂದರೆ ಎಡತುದಿಯ ಬಿಟ್ ಮೊದಲು ಬರುವ ಪದ್ಧತಿಯನ್ನು. ಕಾಗದದ ಮೇಲೆ ಬರೆದ 4812 ಮತ್ತು 4799ರಲ್ಲಿ ದೊಡ್ಡದು ಯಾವುದೆಂದು ನೋಡುವಾಗ ಕಣ್ಣು ಎಡದಿಂದಲೇ ಸಾಗುತ್ತದೆ. 4 ಮತ್ತು 4 ಸಮ. ಮುಂದೆ 8 ಮತ್ತು 7, ಅಲ್ಲಿಗೆ ತೀರ್ಮಾನವಾಯಿತು. ಉಳಿದ 12 ಮತ್ತು 99ರತ್ತ ನೋಡಬೇಕಾದ ಅಗತ್ಯವೇ ಇಲ್ಲ. ದ್ವಿಮಾನ ಪದ್ಧತಿಯಲ್ಲೂ ಇದೇ ನಿಯಮ ನಡೆಯುತ್ತದೆ. ಅದಕ್ಕೆ ಕಾರಣ ಸ್ಥಾನಬೆಲೆಗಳ ಲೆಕ್ಕದಲ್ಲೇ ಇದೆ. 16ರ ಸ್ಥಾನದ ಬಲಕ್ಕಿರುವ ಸ್ಥಾನಗಳ ಬೆಲೆ 8, 4, 2 ಮತ್ತು 1. ಅವೆಲ್ಲ ಕೂಡಿದರೂ 15 ಮಾತ್ರ. ಆದ್ದರಿಂದ 16ರ ಸ್ಥಾನದಲ್ಲಿ ಹಿಂದೆ ಬಿದ್ದ ಸಂಖ್ಯೆ ಮುಂದಿನ ಎಲ್ಲ ಸ್ಥಾನಗಳಲ್ಲೂ ಗೆದ್ದರೂ ಆ ಕೊರತೆಯನ್ನು ತುಂಬಿಕೊಳ್ಳಲಾರದು. ಯಾವ ಸ್ಥಾನವನ್ನು ತೆಗೆದುಕೊಂಡರೂ ಅದರ ಬೆಲೆ ಬಲಗಡೆಯವುಗಳ ಮೊತ್ತಕ್ಕಿಂತ ಒಂದು ಹೆಚ್ಚೇ ಇರುತ್ತದೆ.

ಇದರಿಂದ ದೊರೆಯುವ ಉಳಿತಾಯ ದೊಡ್ಡದು. ಸರ್ಕ್ಯೂಟು ಬಂದ ಬಿಟ್‌ಗಳನ್ನು ನೆನಪಿಟ್ಟುಕೊಳ್ಳಬೇಕಿಲ್ಲ, ಎಷ್ಟು ಬಿಟ್ ಬಂದವೆಂದು ಎಣಿಸಬೇಕಿಲ್ಲ. ಈವರೆಗೆ ಎರಡೂ ಒಂದೇ ಆಗಿವೆಯೇ, ಇಲ್ಲವಾದರೆ ಮೊದಲ ವ್ಯತ್ಯಾಸದಲ್ಲಿ ಗೆದ್ದದ್ದು ಯಾವುದು, ಇಷ್ಟು ಗೊತ್ತಿದ್ದರೆ ಸಾಕು. ಹಿಂದಿನದನ್ನೆಲ್ಲ ಹೀಗೆ ಬೆರಳೆಣಿಕೆಯ ‘ಸ್ಥಿತಿ’ಗಳಲ್ಲಿ ಅಡಗಿಸಿಟ್ಟುಕೊಂಡು, ಸದ್ಯದ ಸ್ಥಿತಿ ಮತ್ತು ಹೊಸದಾಗಿ ಬಂದ ಬಿಟ್‌ಗಳನ್ನು ನೋಡಿ ಮುಂದಿನ ಸ್ಥಿತಿಗೆ ಹೋಗುವ ಸರ್ಕ್ಯೂಟೇ ಸ್ಥಿತಿಯಂತ್ರ. ಸೀರಿಯಲ್ ಕಂಪ್ಯಾರೇಟರ್ ಅಂಥ ಯಂತ್ರಗಳ ಪೈಕಿ ಬಹಳ ಚಿಕ್ಕದು. ಎಂಟು ಬಿಟ್‌ಗಳ ಸಂಖ್ಯೆಗೂ ಎಂಟು ಸಾವಿರ ಬಿಟ್‌ಗಳ ಸಂಖ್ಯೆಗೂ ಅದರ ಗಾತ್ರ ಒಂದೇ.

ಹೋಲಿಸಬೇಕಾದ ಸಂಖ್ಯೆಗಳನ್ನು ಎ ಮತ್ತು ಬಿ ಎಂದು ಕರೆದರೆ ಯಂತ್ರಕ್ಕೆ ಮೂರು ಸ್ಥಿತಿಗಳು ಬೇಕು. ಆರಂಭದ ಸ್ಥಿತಿ ‘ಸಮ’. ಈ ಸ್ಥಿತಿಯಲ್ಲಿರುವಾಗ ಎರಡೂ ತಂತಿಗಳಲ್ಲಿ 0 ಬಂದರೂ, ಎರಡರಲ್ಲೂ 1 ಬಂದರೂ ಯಂತ್ರ ಅಲ್ಲೇ ಉಳಿಯುತ್ತದೆ. ಎ ಕಡೆಯಿಂದ 1, ಬಿ ಕಡೆಯಿಂದ 0 ಬಂದರೆ ‘ದೊಡ್ಡದು’ ಸ್ಥಿತಿಗೆ ಹೋಗುತ್ತದೆ. ಅದಲುಬದಲಾಗಿ ಬಂದರೆ ‘ಚಿಕ್ಕದು’ ಸ್ಥಿತಿಗೆ. ಈ ಎರಡು ಸ್ಥಿತಿಗಳಿಂದ ಹೊರಗೆ ದಾರಿಯಿಲ್ಲ. ಮುಂದೆ ಯಾವ ಬಿಟ್ ಬಂದರೂ ಯಂತ್ರ ಕದಲುವುದಿಲ್ಲ. ಹೊಸ ಜೋಡಿ ಸಂಖ್ಯೆಗಳು ಶುರುವಾದಾಗ ಮಾತ್ರ ಅದನ್ನು ಮತ್ತೆ ‘ಸಮ’ಕ್ಕೆ ತರಬೇಕು.

ಎ ಸಂಖ್ಯೆ 178, ಬಿ ಸಂಖ್ಯೆ 175 ಎಂದುಕೊಂಡು ಒಮ್ಮೆ ನಡೆಸಿ ನೋಡಬಹುದು. ಎಂಟು ಬಿಟ್‌ಗಳಲ್ಲಿ 178 ಎಂದರೆ 10110010. 175 ಎಂದರೆ 10101111. ಮೊದಲ ಬಡಿತದಲ್ಲಿ 1 ಮತ್ತು 1, ಎರಡನೆಯದರಲ್ಲಿ 0 ಮತ್ತು 0, ಮೂರನೆಯದರಲ್ಲಿ ಮತ್ತೆ 1 ಮತ್ತು 1. ಯಂತ್ರ ‘ಸಮ’ದಲ್ಲೇ ಇದೆ. ನಾಲ್ಕನೆಯದು 16ರ ಸ್ಥಾನ; ಎ ಕಡೆಯಿಂದ 1, ಬಿ ಕಡೆಯಿಂದ 0 ಬರುತ್ತದೆ. ಯಂತ್ರ ‘ದೊಡ್ಡದು’ ಸ್ಥಿತಿಗೆ ಜಿಗಿಯುತ್ತದೆ. ಉಳಿದ ನಾಲ್ಕು ಬಡಿತಗಳಲ್ಲಿ ಎ ಕಡೆಯಿಂದ 0010, ಬಿ ಕಡೆಯಿಂದ 1111. ಅಲ್ಲಿ ಮೂರು ಸ್ಥಾನಗಳಲ್ಲಿ ಬಿ ಮೇಲುಗೈ ಸಾಧಿಸುತ್ತದೆ, ಎ ಒಂದರಲ್ಲೂ ಇಲ್ಲ. ಹಾಗಿದ್ದರೂ ಉತ್ತರ ಬದಲಾಗಬಾರದು, ಏಕೆಂದರೆ ಬಿ ಅಲ್ಲಿ ಗಳಿಸಿದ್ದು ಎಲ್ಲ ಸೇರಿ 13, ಮೊದಲು ಕಳೆದುಕೊಂಡದ್ದು 16. ಉಳಿದ ಅಂತರ 3. ಅದೇ 178 ಮತ್ತು 175ರ ನಡುವಿನ ಅಂತರ.

ಮೂರು ಸ್ಥಿತಿಗಳನ್ನು ಹಿಡಿದಿಡಲು ಎರಡು ಫ್ಲಿಪ್‌ಫ್ಲಾಪ್‌ಗಳು ಬೇಕು, ಒಂದರಲ್ಲಿ ಎರಡೇ ಸ್ಥಿತಿಗಳು ಹಿಡಿಸುತ್ತವೆ. 7474 ಎಂಬ ಒಂದೇ ಚಿಪ್ಪಿನಲ್ಲಿ ಅಂಥ ಎರಡು ಸಿಗುತ್ತವೆ. ಎರಡಕ್ಕೂ ನೇರವಾದ ಅರ್ಥ ಕೊಟ್ಟರೆ ಕೆಲಸ ಹಗುರವಾಗುತ್ತದೆ. ಮೊದಲನೆಯದು 1 ಆಗಿದ್ದರೆ ಎ ದೊಡ್ಡದು, ಎರಡನೆಯದು 1 ಆಗಿದ್ದರೆ ಎ ಚಿಕ್ಕದು, ಎರಡೂ 0 ಆಗಿದ್ದರೆ ಸಮ. ಹೀಗೆ ಮಾಡಿದಾಗ ಸ್ಥಿತಿಯೇ ಉತ್ತರವಾಗಿರುತ್ತದೆ. ಅದನ್ನು ಬಿಡಿಸಿ ಓದಲು ಬೇರೆ ಗೇಟ್‌ಗಳು ಬೇಕಾಗುವುದಿಲ್ಲ, ‘ಸಮ’ಕ್ಕೆ ಒಂದು ನಾರ್ ಗೇಟ್ ಸಾಕು. ಪ್ರತಿ ಫ್ಲಿಪ್‌ಫ್ಲಾಪಿನ ನಿಯಮವೂ ಒಂದು ಸಾಲಿನದು: ಈಗಾಗಲೇ 1 ಆಗಿದ್ದರೆ 1 ಆಗಿಯೇ ಇರು, ಇಲ್ಲವಾದರೆ, ಎದುರಾಳಿ ಇನ್ನೂ ಗೆದ್ದಿಲ್ಲ ಮತ್ತು ಈ ಬಡಿತದಲ್ಲಿ ನಿನ್ನ ಕಡೆಗೆ ವ್ಯತ್ಯಾಸ ಬಂದಿದೆ ಎಂದಾದರೆ 1 ಆಗು.

ಕಾಗದದ ಮೇಲೆ ವಿನ್ಯಾಸ ಇಲ್ಲಿಗೆ ಮುಗಿದಂತೆ ಕಾಣುತ್ತದೆ. ನಿಜವಾದ ತೊಡಕು ಇರುವುದು ಸಂಖ್ಯೆಯ ಎರಡು ಗಡಿಗಳಲ್ಲಿ, ಅಂದರೆ ಅದು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬಲ್ಲಿ. ಬಿಟ್‌ಗಳ ಹರಿವಿನಲ್ಲಿ ಅದರ ಗುರುತಿರುವುದಿಲ್ಲ. ಹೊರಗಿನಿಂದ ಯಾರಾದರೂ ಹೇಳಬೇಕು. ಸಾಮಾನ್ಯವಾಗಿ ಮೊದಲ ಬಿಟ್ ಬರುವ ಬಡಿತದಲ್ಲಿ ಮಾತ್ರ 1 ಆಗಿರುವ ಒಂದು ಆರಂಭದ ಸಂಕೇತವನ್ನು ಕೊಡುತ್ತಾರೆ. ಈ ಸಂಕೇತವನ್ನು ಫ್ಲಿಪ್‌ಫ್ಲಾಪಿನ ರೀಸೆಟ್‌ಗೆ ಸುಮ್ಮನೆ ಜೋಡಿಸಿಬಿಡುವುದು ಬಲು ಸುಲಭ, ಆದರೆ ತಪ್ಪು. ಆ ಬಡಿತದಲ್ಲಿ ಫ್ಲಿಪ್‌ಫ್ಲಾಪ್‌ಗಳು 0 ಆಗುತ್ತವೆ ನಿಜ. ಆದರೆ ಅದೇ ಬಡಿತದಲ್ಲಿ ಬಂದ ಮೊದಲ ಬಿಟ್ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಹೋದದ್ದು ಎಲ್ಲಕ್ಕಿಂತ ಬೆಲೆಯುಳ್ಳ ಬಿಟ್. ನಾಲ್ಕು ಬಿಟ್‌ಗಳ 8 ಮತ್ತು 7ನ್ನು, ಅಂದರೆ 1000 ಮತ್ತು 0111ನ್ನು ಇಂಥ ಯಂತ್ರಕ್ಕೆ ಕೊಟ್ಟರೆ ಅದಕ್ಕೆ ಕಾಣುವುದು 000 ಮತ್ತು 111 ಮಾತ್ರ. 8 ಚಿಕ್ಕದು ಎಂದು ಅದು ಹೇಳುತ್ತದೆ. ಈ ದೋಷ ಬೇಗ ಕಣ್ಣಿಗೆ ಬೀಳುವುದೂ ಇಲ್ಲ. ಪರೀಕ್ಷೆಗೆ ಕೊಟ್ಟ ಸಂಖ್ಯೆಗಳೆಲ್ಲ ಚಿಕ್ಕವಾಗಿದ್ದು ಮೊದಲ ಬಿಟ್ ಎರಡರಲ್ಲೂ 0 ಆಗಿದ್ದರೆ ಉತ್ತರಗಳು ಸರಿಯಾಗಿಯೇ ಬರುತ್ತಿರುತ್ತವೆ.

ಸರಿಯಾದ ದಾರಿ ಎಂದರೆ ಆರಂಭದ ಬಡಿತದಲ್ಲಿ ಹಳೆಯ ಸ್ಥಿತಿಯನ್ನು ‘ಸಮ’ ಎಂದು ಎಣಿಸಿ, ಅದೇ ಬಡಿತದಲ್ಲಿ ಬಂದ ಬಿಟ್‌ಗಳನ್ನೂ ಹೋಲಿಸುವುದು. ಹಾಗೆ ಮಾಡಿದರೆ ಒಂದು ಜೋಡಿಯ ಕೊನೆಯ ಬಿಟ್‌ನ ಬೆನ್ನಿಗೇ ಮುಂದಿನ ಜೋಡಿಯ ಮೊದಲ ಬಿಟ್ ಬರಬಹುದು, ನಡುವೆ ಖಾಲಿ ಬಡಿತ ಬೇಕಿಲ್ಲ. ವೆರಿಲಾಗ್ ಭಾಷೆಯಲ್ಲಿ ಇದರ ತಿರುಳು ಹೀಗಿರುತ್ತದೆ:

```verilog
wire g0 = g & ~start;
wire l0 = l & ~start;
always @(posedge clk) begin
  g <= g0 | (~l0 &  a & ~b);
  l <= l0 | (~g0 & ~a &  b);
end
assign eq = ~(g | l);
```

ಇಲ್ಲಿ `g` ಎಂಬುದು ‘ದೊಡ್ಡದು’ ಫ್ಲಿಪ್‌ಫ್ಲಾಪ್, `l` ‘ಚಿಕ್ಕದು’ ಫ್ಲಿಪ್‌ಫ್ಲಾಪ್. ಹಳೆಯ ಸ್ಥಿತಿಯನ್ನು ಮರೆಸುವ ಕೆಲಸ ಮೊದಲ ಎರಡು ಸಾಲುಗಳದು. ಅವುಗಳಿಂದ ಇನ್ನೊಂದು ಉಪಕಾರವೂ ಆಗುತ್ತದೆ. ಎರಡು ಫ್ಲಿಪ್‌ಫ್ಲಾಪ್‌ಗಳಿಂದ ನಾಲ್ಕು ಸ್ಥಿತಿಗಳಾಗುತ್ತವೆ, ಬೇಕಿರುವುದು ಮೂರು. ಎರಡೂ 1 ಆಗಿರುವ ನಾಲ್ಕನೆಯದಕ್ಕೆ ಅರ್ಥವಿಲ್ಲ. ವಿದ್ಯುತ್ ಬಂದ ಕ್ಷಣದಲ್ಲಿ ಫ್ಲಿಪ್‌ಫ್ಲಾಪ್‌ಗಳು ಆ ಸ್ಥಿತಿಯಲ್ಲೇ ಎದ್ದರೆ ಎರಡೂ ತಮ್ಮನ್ನು ತಾವೇ 1 ಆಗಿ ಹಿಡಿದುಕೊಂಡು ಅಲ್ಲೇ ಸಿಕ್ಕಿಬೀಳುತ್ತವೆ. ಆರಂಭದ ಸಂಕೇತ ಒಮ್ಮೆ ಬಂದರೆ ಆ ಗಂಟು ಬಿಚ್ಚಿಕೊಳ್ಳುತ್ತದೆ.

ಅಂತ್ಯದ ಗಡಿಯಲ್ಲಿ ಇರುವ ಸಮಸ್ಯೆ ಬೇರೆ ಬಗೆಯದು. ‘ದೊಡ್ಡದು’, ‘ಚಿಕ್ಕದು’ ಎಂಬ ಉತ್ತರಗಳು ಕಾಣಿಸಿಕೊಂಡ ಕ್ಷಣದಿಂದಲೇ ನಿಜ. 178 ಮತ್ತು 175ರ ಉದಾಹರಣೆಯಲ್ಲಿ ನಾಲ್ಕನೆಯ ಬಡಿತಕ್ಕೇ ಉತ್ತರ ಸಿಕ್ಕಿತ್ತು, ಬೇಕಿದ್ದರೆ ಅಲ್ಲಿಗೇ ನಿಲ್ಲಿಸಬಹುದಿತ್ತು. ‘ಸಮ’ ಎಂಬುದರ ಸಂಗತಿ ಹಾಗಲ್ಲ. ನಡುದಾರಿಯಲ್ಲಿ ಅದರ ಅರ್ಥ ‘ಇಲ್ಲಿಯವರೆಗೆ ಸಮ’ ಎಂದಷ್ಟೇ. ಕೊನೆಯ ಬಿಟ್ ಒಳಗೆ ಬಂದ ಮೇಲೆಯೇ ಅದು ಉತ್ತರವಾಗುತ್ತದೆ. 0110 ಮತ್ತು 0111 ಎಂಬ ಸಂಖ್ಯೆಗಳು ಮೂರನೆಯ ಬಡಿತದವರೆಗೂ ಸಮವಾಗಿಯೇ ಕಾಣುತ್ತವೆ. ಆದ್ದರಿಂದ ಉತ್ತರವನ್ನು ಬಳಸುವ ಮುಂದಿನ ಸರ್ಕ್ಯೂಟಿಗೆ ಕೊನೆಯ ಬಿಟ್ ಯಾವುದೆಂದು ತಿಳಿದಿರಬೇಕು. ಬಿಟ್ ಎಣಿಸುವ ಕೆಲಸ ಎಲ್ಲಾದರೂ ಇದ್ದರೆ ಅದು ಅಲ್ಲಿದೆ, ಕಂಪ್ಯಾರೇಟರಿನ ಒಳಗಲ್ಲ.

ಓದುವ ಹೊತ್ತಿನ ಲೆಕ್ಕವೂ ಇದಕ್ಕೆ ಸೇರುತ್ತದೆ. ಮೇಲಿನ ಯಂತ್ರದ ಉತ್ತರ ಅದರ ಸ್ಥಿತಿಯಿಂದ ಮಾತ್ರ ಬರುತ್ತದೆ. ಇಂಥದನ್ನು ಎಡ್ವರ್ಡ್ ಮೂರ್ ಅವರ 1956ರ ಪ್ರಬಂಧದ ನೆನಪಿಗೆ ಮೂರ್ ಯಂತ್ರ ಎನ್ನುತ್ತಾರೆ. ಕೊನೆಯ ಬಿಟ್‌ನ ಫಲ ಅದರಲ್ಲಿ ಕಾಣುವುದು ಆ ಬಿಟ್‌ ಅನ್ನು ಹಿಡಿದ ಕ್ಲಾಕಿನ ಏರಿಕೆಯ ನಂತರ. ಸ್ಥಿತಿಯ ಜೊತೆಗೆ ಸದ್ಯದ ಬಿಟ್‌ಗಳನ್ನೂ ನೋಡಿ ಉತ್ತರ ಕೊಡುವುದು ಮೀಲಿ ಯಂತ್ರ; ಜಾರ್ಜ್ ಮೀಲಿ ಅದನ್ನು ವಿವರಿಸಿದ್ದು 1955ರಲ್ಲಿ. ಅದು ಬಿಟ್ ತಂತಿಯಲ್ಲಿರುವಾಗಲೇ ಉತ್ತರ ಕೊಡುತ್ತದೆ, ಒಂದು ಬಡಿತ ಮುಂಚಿತವಾಗಿ. ಆದರೆ ಎ ಮತ್ತು ಬಿ ತಂತಿಗಳು ಬದಲಾಗುವಾಗ ಒಂದರ ಹಿಂದೊಂದಾಗಿ ಬದಲಾದರೆ ಆ ನಡುವಿನ ಅಲ್ಪ ಕಾಲದಲ್ಲಿ ಸುಳ್ಳು ಉತ್ತರವೊಂದು ಮಿಂಚಿ ಮಾಯವಾಗಬಹುದು. ಒಂದು ಬಡಿತದ ತಡ ಅಡ್ಡಿಯಾಗದ ಕಡೆ ಮೂರ್ ರೂಪವೇ ಮೇಲು.

ಯಂತ್ರ ಸರಿಯಿದ್ದರೂ ಅದಕ್ಕೆ ಕೊಟ್ಟದ್ದು ಸರಿಯಿಲ್ಲದೆ ತಪ್ಪು ಉತ್ತರ ಬರುವುದುಂಟು. ಎರಡು ಸಂಖ್ಯೆಗಳ ಉದ್ದ ಬೇರೆ ಬೇರೆಯಾಗಿದ್ದು ಎರಡನ್ನೂ ಒಟ್ಟಿಗೆ ಶುರುಮಾಡಿದರೆ ಮೊದಲ ಬಿಟ್‌ಗಳ ಸ್ಥಾನಬೆಲೆಯೇ ಹೊಂದುವುದಿಲ್ಲ. ಮೂರು ಬಿಟ್‌ಗಳ 101, ಅಂದರೆ 5, ಮತ್ತು ನಾಲ್ಕು ಬಿಟ್‌ಗಳ 0110, ಅಂದರೆ 6 ಹೀಗೆ ಬಂದರೆ ಮೊದಲ ಬಡಿತದಲ್ಲೇ 5 ಗೆದ್ದುಬಿಡುತ್ತದೆ. ಚಿಕ್ಕದರ ಎಡಕ್ಕೆ ಸೊನ್ನೆ ಸೇರಿಸಿ ಉದ್ದ ಸಮಮಾಡುವುದೇ ಇದಕ್ಕೆ ಪರಿಹಾರ. ಒಂದು ತಂತಿಯ ಹಾದಿಯಲ್ಲಿ ಫ್ಲಿಪ್‌ಫ್ಲಾಪೊಂದು ಹೆಚ್ಚಾಗಿ ಸೇರಿಕೊಂಡು ಆ ಬಿಟ್‌ಗಳು ಒಂದು ಬಡಿತ ತಡವಾಗಿ ಬಂದರೂ ಇದೇ ಗತಿ. ಆಗ 0110 ಎಂಬುದು ಯಂತ್ರಕ್ಕೆ 0011ರಂತೆ ಕಾಣುತ್ತದೆ, 6 ಹೋಗಿ 3 ಆಗುತ್ತದೆ. ಇದನ್ನು ಪತ್ತೆಹಚ್ಚಲು ಒಳ್ಳೆಯ ಉಪಾಯವೆಂದರೆ ಎರಡೂ ಹಾದಿಗಳ ಮೂಲದಲ್ಲಿ ಒಂದೇ ಸಂಖ್ಯೆಯನ್ನು ಕೊಡುವುದು. ಯಾವ ಸಂಖ್ಯೆ ಕೊಟ್ಟರೂ ಉತ್ತರ ‘ಸಮ’ ಎಂದೇ ಬರಬೇಕು. ಬರದಿದ್ದರೆ ಹಾದಿಗಳ ಕಾಲ ಹೊಂದಿಲ್ಲವೆಂದು ಅರ್ಥ. ಆಮೇಲೆ 1000 ಮತ್ತು 0111ರ ಜೋಡಿ ಆರಂಭದ ಗಡಿಯನ್ನೂ, 0110 ಮತ್ತು 0111ರ ಜೋಡಿ ಅಂತ್ಯದ ಗಡಿಯನ್ನೂ ಪರೀಕ್ಷಿಸುತ್ತವೆ. ಎ ಮತ್ತು ಬಿಯನ್ನು ಅದಲುಬದಲು ಮಾಡಿದಾಗ ‘ದೊಡ್ಡದು’, ‘ಚಿಕ್ಕದು’ ಕೂಡ ಅದಲುಬದಲಾಗಬೇಕು. ಸಾವಿರ ಯಾದೃಚ್ಛಿಕ ಸಂಖ್ಯೆಗಳನ್ನು ಕೊಟ್ಟು ನೋಡುವುದಕ್ಕಿಂತ ಮೊದಲು ಈ ನಾಲ್ಕನ್ನು ನೋಡುವುದು ಒಳ್ಳೆಯದು. ದೀರ್ಘ ಸಂಖ್ಯೆಗಳನ್ನು ಯಾದೃಚ್ಛಿಕವಾಗಿ ಆರಿಸಿದಾಗ ಅರ್ಧದಷ್ಟು ಜೋಡಿಗಳು ಮೊದಲ ಬಿಟ್‌ನಲ್ಲೇ ಬೇರೆಯಾಗುತ್ತವೆ, ಕೊನೆಯ ಬಿಟ್‌ವರೆಗೆ ಸಮವಾಗಿ ಸಾಗುವ ಜೋಡಿ ಸಿಗುವುದೇ ಅಪರೂಪ.

ಋಣ ಸಂಖ್ಯೆಗಳಿಗೂ ಇದೇ ಯಂತ್ರ ನಡೆಯುತ್ತದೆ, ಒಂದು ತಿದ್ದುಪಡಿಯೊಂದಿಗೆ. ಗಣಕಗಳಲ್ಲಿ ಬಳಕೆಯಲ್ಲಿರುವ ಎರಡರ ಪೂರಕ ಪದ್ಧತಿಯಲ್ಲಿ ನಾಲ್ಕು ಬಿಟ್‌ಗಳ −3 ಎಂದರೆ 1101, 5 ಎಂದರೆ 0101. ಮೊದಲ ಬಿಟ್ 1 ಆಗಿರುವುದನ್ನು ಕಂಡು ಯಂತ್ರ −3 ದೊಡ್ಡದು ಎನ್ನುತ್ತದೆ. ಈ ಪದ್ಧತಿಯಲ್ಲಿ ಮೊದಲ ಸ್ಥಾನದ ಬೆಲೆ ಮಾತ್ರ ಋಣ, ನಾಲ್ಕು ಬಿಟ್‌ಗಳಲ್ಲಿ ಅದು −8. ಉಳಿದ ಸ್ಥಾನಗಳ ಬೆಲೆ ಎಂದಿನಂತೆ ಧನ. ಹಾಗಾಗಿ ಆರಂಭದ ಬಡಿತದಲ್ಲಿ ಮಾತ್ರ ಎ ಮತ್ತು ಬಿ ತಂತಿಗಳನ್ನು ಅದಲುಬದಲಾಗಿ ಓದಿ, ಮುಂದೆ ಯಥಾಪ್ರಕಾರ ಓದಿದರೆ ಸಾಕು. ಎರಡೂ ಋಣವಾಗಿದ್ದರೂ ಉತ್ತರ ಸರಿಬರುತ್ತದೆ.

ಬಿಟ್‌ಗಳು ಬಲತುದಿಯಿಂದ ಬರುವ ಪದ್ಧತಿಯೂ ಬಳಕೆಯಲ್ಲಿದೆ. ಗಣಕ ಮತ್ತು ಮೋಡೆಮ್‌ಗಳ ಹಳೆಯ ಸೀರಿಯಲ್ ಪೋರ್ಟ್ ಅಕ್ಷರದ ಕಡಿಮೆ ಬೆಲೆಯ ಬಿಟ್ಟನ್ನು ಮೊದಲು ಕಳಿಸುತ್ತದೆ. ಒಂದೊಂದೇ ಬಿಟ್ ಕೂಡುವ ಸರ್ಕ್ಯೂಟಿಗೂ ಅದೇ ಕ್ರಮ ಬೇಕು, ಏಕೆಂದರೆ ಕೂಡುವಾಗ ದಶಕ ಬಲದಿಂದ ಎಡಕ್ಕೆ ಹೋಗುತ್ತದೆ. ಆ ಕ್ರಮದಲ್ಲೂ ಹೋಲಿಕೆಗೆ ಮೂರೇ ಸ್ಥಿತಿಗಳು ಸಾಕು, ಆದರೆ ನಿಯಮ ತಿರುಗುಮುರುಗಾಗುತ್ತದೆ. ಅಲ್ಲಿ ತೀರ್ಪು ಕೊನೆಯ ವ್ಯತ್ಯಾಸದ್ದು. ಪ್ರತಿ ಹೊಸ ವ್ಯತ್ಯಾಸ ಹಳೆಯದನ್ನು ಅಳಿಸಿಹಾಕುತ್ತದೆ, ಯಾವ ಸ್ಥಿತಿಯೂ ಸ್ಥಿರವಲ್ಲ, ಎಲ್ಲ ಬಿಟ್‌ಗಳೂ ಬಂದು ಮುಗಿಯುವವರೆಗೆ ಏನನ್ನೂ ಹೇಳುವಂತಿಲ್ಲ. ಎಡತುದಿಯಿಂದ ಬರುವ ಕ್ರಮದಲ್ಲಿ ಮಾತ್ರ ನಡುವೆಯೇ ತೀರ್ಪು ಸಿಗುತ್ತದೆ, ಸೋತವರು ಅಲ್ಲಿಗೇ ನಿಲ್ಲಬಹುದು.

ಸೋತವರು ನಡುವೆಯೇ ನಿಲ್ಲಬಹುದು ಎಂಬ ಈ ಒಂದು ಗುಣದ ಮೇಲೆ ಕಾರುಗಳ ಒಳಗಿನ ಕ್ಯಾನ್ ಬಸ್ ನಿಂತಿದೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಲೋಕದ ಮುಂದಿಟ್ಟ ಈ ವ್ಯವಸ್ಥೆಯಲ್ಲಿ ಎಂಜಿನ್, ಬ್ರೇಕ್ ಮೊದಲಾದವುಗಳ ನಿಯಂತ್ರಕಗಳೆಲ್ಲ ಒಂದೇ ಜೋಡಿ ತಂತಿಗೆ ಅಂಟಿಕೊಂಡಿರುತ್ತವೆ. ಯಾರು ಮೊದಲು ಮಾತಾಡಬೇಕೆಂದು ಹೇಳುವ ಯಜಮಾನ ಯಾರೂ ಇಲ್ಲ. ಪ್ರತಿ ಸಂದೇಶದ ತಲೆಯಲ್ಲಿ 11 ಬಿಟ್‌ಗಳ ಗುರುತುಸಂಖ್ಯೆ ಇರುತ್ತದೆ (ವಿಸ್ತೃತ ರೂಪದಲ್ಲಿ 29), ಅದು ಎಡತುದಿಯ ಬಿಟ್‌ನಿಂದ ಹೊರಡುತ್ತದೆ. ಚಿಕ್ಕ ಸಂಖ್ಯೆಗೆ ಮೊದಲ ಹಕ್ಕು. ತಂತಿಯ ಮೇಲೆ 0 ಪ್ರಬಲ, 1 ದುರ್ಬಲ. ಒಬ್ಬರು 0 ಹಾಕಿದರೆ ಮಿಕ್ಕವರು 1 ಹಾಕಿದ್ದರೂ ತಂತಿಯಲ್ಲಿ ಕಾಣುವುದು 0.

ಎರಡು ನಿಯಂತ್ರಕಗಳು 291 ಮತ್ತು 295 ಎಂಬ ಗುರುತುಗಳೊಂದಿಗೆ ಒಂದೇ ಕ್ಷಣದಲ್ಲಿ ಶುರುಮಾಡಿದವು ಎನ್ನೋಣ. ಮೊದಲನೆಯದು 00100100011, ಎರಡನೆಯದು 00100100111. ಎರಡೂ ತಾವು ಹಾಕಿದ ಬಿಟ್ ಮತ್ತು ತಂತಿಯಲ್ಲಿ ಕಾಣುವ ಬಿಟ್‌ಗಳನ್ನು ಹೋಲಿಸುತ್ತ ಹೋಗುತ್ತವೆ. ಎಂಟು ಬಿಟ್‌ಗಳವರೆಗೆ ಎರಡಕ್ಕೂ ‘ಸಮ’. ಇನ್ನೊಬ್ಬರು ಇದ್ದಾರೆಂಬ ಸುಳಿವೂ ಇಲ್ಲ. ಒಂಬತ್ತನೆಯ ಬಿಟ್‌ನಲ್ಲಿ 295ರದು 1, ತಂತಿಯಲ್ಲಿ 0. ಅದು ‘ದೊಡ್ಡದು’ ಸ್ಥಿತಿಗೆ ಬಂದು, ಕಳಿಸುವುದನ್ನು ಬಿಟ್ಟು ಕೇಳುಗನಾಗುತ್ತದೆ. 291ರ ಸಂದೇಶ ಒಂದು ಬಿಟ್ ಕೂಡ ಕೆಡದೆ ಮುಂದುವರಿಯುತ್ತದೆ. ಯಂತ್ರದ ಮೂರನೆಯ ಸ್ಥಿತಿಗೂ ಇಲ್ಲಿ ಒಂದು ಕೆಲಸವಿದೆ. ತಾನು 0 ಹಾಕಿದಾಗ ತಂತಿಯಲ್ಲಿ 1 ಕಾಣುವುದು ನ್ಯಾಯವಾಗಿ ಸಾಧ್ಯವೇ ಇಲ್ಲ. ಕಂಡರೆ ಅದನ್ನು ಬಿಟ್ ದೋಷವೆಂದು ಪರಿಗಣಿಸಲಾಗುತ್ತದೆ.

ಎರಡೂ ಬಿಟ್‌ಗಳು ಒಂದೇ ಕಾಲಕ್ಕೆ ಸಿಗಬೇಕೆಂಬ ಷರತ್ತು ಇಲ್ಲಿ ತಂತಿಯ ಉದ್ದವನ್ನೇ ಕಟ್ಟಿಹಾಕುತ್ತದೆ. ಬಸ್ಸಿನ ಒಂದು ತುದಿಯ ಬಿಟ್ ಇನ್ನೊಂದು ತುದಿಗೆ ಹೋಗಿ, ಅಲ್ಲಿಯವರ ಬಿಟ್ ಇತ್ತ ಬಂದು ಸೇರುವಷ್ಟು ಹೊತ್ತು ಒಂದೇ ಬಿಟ್‌ನ ಅವಧಿಯೊಳಗೆ ಮುಗಿಯಬೇಕು. ಅದಕ್ಕಾಗಿಯೇ ಸೆಕೆಂಡಿಗೆ ಹತ್ತು ಲಕ್ಷ ಬಿಟ್‌ಗಳ ವೇಗದಲ್ಲಿ ಕ್ಯಾನ್ ಬಸ್ಸಿನ ಉದ್ದ ಸುಮಾರು 40 ಮೀಟರ್‌ಗೆ ನಿಲ್ಲುತ್ತದೆ. ಉದ್ದ ಹೆಚ್ಚಬೇಕಾದರೆ ವೇಗ ಇಳಿಸಬೇಕು. ‘ಸಮ’ ಸ್ಥಿತಿಯೂ ಇಲ್ಲಿ ಒಂದು ಕಟ್ಟುಪಾಡು ತರುತ್ತದೆ. ಗುರುತಿನ ಕೊನೆಯ ಬಿಟ್‌ವರೆಗೂ ‘ಸಮ’ದಲ್ಲೇ ಉಳಿದವರು ತಾವು ಗೆದ್ದೆವೆಂದು ತಿಳಿದು ಮಾಹಿತಿ ಕಳಿಸತೊಡಗುತ್ತಾರೆ. ಇಬ್ಬರು ಒಂದೇ ಗುರುತನ್ನು ಬಳಸಿದ್ದರೆ ಇಬ್ಬರೂ ಗೆದ್ದಂತಾಗಿ, ಮಾಹಿತಿಯಲ್ಲಿ ಮೊದಲ ವ್ಯತ್ಯಾಸ ಬಂದ ಕಡೆ 1 ಹಾಕಿದವರಿಗೆ ಅದು ದೋಷವಾಗಿ ಕಾಣುತ್ತದೆ, ಸಂದೇಶ ಹಾಳಾಗುತ್ತದೆ. ಹೀಗಾಗಿ ಒಂದು ಬಸ್ಸಿನಲ್ಲಿ ಒಂದು ಗುರುತಿನ ಮಾಹಿತಿಯನ್ನು ಒಂದೇ ನಿಯಂತ್ರಕ ಕಳಿಸುವಂತೆ ವಿನ್ಯಾಸಕಾರರು ಮೊದಲೇ ಹಂಚಿಕೊಟ್ಟಿರುತ್ತಾರೆ.